ಬಾಡಿಗೆದಾರರ ಮನೆ ನೋಡಲು ಹೋಗುವ ಮುನ್ನ: ನೋಟಿಸ್‌ನಲ್ಲಿ ಏನಿರಬೇಕು, ಎಷ್ಟು ಮೊದಲು ಕೊಡಬೇಕು?

ಓದುಗರ ಪ್ರಶ್ನೆ: "ನನ್ನ ಕಟ್ಟಡದಲ್ಲಿ ನಾಲ್ಕು ಬಾಡಿಗೆ ಮನೆಗಳಿವೆ, ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಒಂದು ಮನೆಯ ಬಾತ್‌ರೂಮ್ ಸೀಲಿಂಗ್‌ನಲ್ಲಿ ಒದ್ದೆ ಕಲೆ ಬಂದು ದೊಡ್ಡದಾಗುತ್ತಿದೆ ಅಂತ ಅಲ್ಲಿರುವ ವಯಸ್ಸಾದ ದಂಪತಿ ಹೇಳಿದರು. ಅದರ ಮೇಲಿನ ಮನೆಯಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿರುವ ಮಹಿಳೆ ಒಬ್ಬರೇ ಇದ್ದಾರೆ. ಹೋದ ವರ್ಷ ಹೇಳದೆ ಹೋಗಿದ್ದಕ್ಕೆ ಅವರು ಬೇಸರ ಮಾಡಿಕೊಂಡಿದ್ದರು. ಈ ಸಲ ನಾಲ್ಕೂ ಮನೆ ಒಂದೇ ದಿನ ನೋಡಿ ಮುಗಿಸೋಣ ಅಂದುಕೊಂಡಿದ್ದೇನೆ. ನನ್ನ ಹತ್ತಿರ ಇನ್ನೊಂದು ಕೀ ಇದೆ. ನೋಟಿಸ್ ಕೊಡಲೇಬೇಕಾ? ಎಷ್ಟು ದಿನ ಮೊದಲು? ವಾಟ್ಸ್‌ಆ್ಯಪ್ ಸಾಕಾ? ಅವರು ಬೇಡ ಅಂದರೆ ಏನು ಮಾಡಲಿ?"

ಉತ್ತರ: ನೋಟಿಸ್ ಕೊಡಲೇಬೇಕು. ಆದರೆ ಅದನ್ನು ಬರೆಯುವ ಮೊದಲು, ನಾಲ್ಕೂ ಮನೆ ಒಂದೇ ದಿನ ನೋಡುವ ಯೋಚನೆ ಬಿಟ್ಟುಬಿಡಿ. ಸೋರಿಕೆಗೆ ಸಂಬಂಧಪಟ್ಟ ಮನೆಗಳು ಎರಡೇ, ಕಲೆ ಕಂಡಿರುವ ಮನೆ ಮತ್ತು ನೇರ ಅದರ ಮೇಲಿರುವ ಮನೆ. ಉಳಿದ ಎರಡು ಮನೆಗಳಿಗೆ "ಸೋರಿಕೆ ನೋಡಲು ಬರುತ್ತೇನೆ" ಎಂದು ಬರೆದರೆ ಅದು ನಿಜವಾದ ಕಾರಣವಲ್ಲ, ಅಲ್ಲಿರುವವರಿಗೂ ಅದು ಗೊತ್ತಾಗುತ್ತದೆ. ಆ ಮನೆಗಳ ಸಾಮಾನ್ಯ ಸ್ಥಿತಿ ನೋಡಬೇಕಿದ್ದರೆ ಬೇರೆ ದಿನ, ಬೇರೆ ನೋಟಿಸ್, ಬೇರೆ ಕಾರಣ.

ಈ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ, ಒಂದು ಮಾಲೀಕರ ಕಡೆ, ಇನ್ನೊಂದು ಬಾಡಿಗೆದಾರರ ಕಡೆ. "ನನ್ನ ಮನೆ, ಯಾವಾಗ ಬೇಕಾದರೂ ಹೋಗಬಹುದು" ಎನ್ನುವುದು ಮೊದಲನೆಯದು. ಒಡೆತನ ನಿಮ್ಮದೇ, ಆದರೆ ಕರಾರಿನ ಅವಧಿಯಲ್ಲಿ ಮನೆ ಇರುವುದು ಬಾಡಿಗೆದಾರರ ಸ್ವಾಧೀನದಲ್ಲಿ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಬಾಡಿಗೆ ಕೊಟ್ಟು ಕರಾರು ಪಾಲಿಸುವವರು ಅವಧಿ ಮುಗಿಯುವ ತನಕ ಅಡೆತಡೆಯಿಲ್ಲದೆ ಅಲ್ಲಿರಬಹುದು. ಅತಿಕ್ರಮ ಪ್ರವೇಶದ ಕಾನೂನು ನೋಡುವುದೂ ಯಾರ ಸ್ವಾಧೀನದಲ್ಲಿದೆ ಎಂಬುದನ್ನೇ. ಹಾಗಾಗಿ ನಿಮ್ಮ ಕೈಯಲ್ಲಿರುವ ಎರಡನೇ ಕೀ ಒಳಗೆ ಹೋಗುವ ಅನುಮತಿಯಲ್ಲ. ಬೀಗ ಕೆಟ್ಟಾಗ, ಅವಘಡವಾದಾಗ ಬಳಸಲೆಂದು ನಿಮ್ಮಲ್ಲಿ ಇಟ್ಟಿರುವ ವಸ್ತು ಅದು.

"ನಾನು ಒಪ್ಪದಿದ್ದರೆ ಮಾಲೀಕರು ಒಳಗೆ ಬರುವಂತೆಯೇ ಇಲ್ಲ" ಎನ್ನುವುದು ಬಾಡಿಗೆದಾರರ ಕಡೆಯ ತಪ್ಪು ತಿಳಿವಳಿಕೆ. ಅದೇ 108ನೇ ಕಲಮು, ಯುಕ್ತವಾದ ವೇಳೆಯಲ್ಲಿ ಮಾಲೀಕರು ಅಥವಾ ಅವರ ಪ್ರತಿನಿಧಿ ಬಂದು ಮನೆಯ ಸ್ಥಿತಿ ನೋಡಲು ಬಾಡಿಗೆದಾರರು ಅವಕಾಶ ಕೊಡಬೇಕು ಎನ್ನುತ್ತದೆ. ಯುಕ್ತ ವೇಳೆ ಯಾವುದು, ಎಷ್ಟು ಗಂಟೆ ಮೊದಲು ಹೇಳಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ಷರತ್ತು ಇದ್ದರೆ ಅದಕ್ಕೇ ಬೆಲೆ. ಆದ್ದರಿಂದ ನಿಮ್ಮ ಬಾಡಿಗೆ ಕರಾರು ತೆಗೆದು, ಪರಿಶೀಲನೆಯ ಬಗ್ಗೆ ಇರುವ ಸಾಲನ್ನು ಮೊದಲು ಓದಿ.

ಕರಾರಿನಲ್ಲಿ ಏನೂ ಇಲ್ಲದಿದ್ದರೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯ 17ನೇ ಕಲಮನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅದು ಅಲ್ಲಿ ಕಾನೂನಾಗುತ್ತದೆ, ಆದರೂ ಅದರಲ್ಲಿರುವ ಕ್ರಮ ಎಲ್ಲಿಯೂ ಸಲ್ಲುವಂಥದ್ದು. ಕನಿಷ್ಠ 24 ಗಂಟೆ ಮೊದಲು ಲಿಖಿತವಾಗಿ ಅಥವಾ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ನೋಟಿಸ್ ಕೊಡಬೇಕು, ಅದರಲ್ಲಿ ಕಾರಣ, ದಿನ, ವೇಳೆ ಇರಬೇಕು, ಸೂರ್ಯೋದಯಕ್ಕೆ ಮುಂಚೆ ಮತ್ತು ಸೂರ್ಯಾಸ್ತದ ನಂತರ ಹೋಗಬಾರದು. ಬೇರೆ ದೇಶಗಳಲ್ಲೂ ನಿಯಮ ಹೆಚ್ಚುಕಡಿಮೆ ಹೀಗೇ ಇದೆ. ಇಂಗ್ಲೆಂಡಿನಲ್ಲಿ ದುರಸ್ತಿಯ ಸ್ಥಿತಿ ನೋಡಲು 24 ಗಂಟೆಯ ಲಿಖಿತ ನೋಟಿಸ್ ಬೇಕು, ನ್ಯೂಜಿಲೆಂಡಿನಲ್ಲಿ ಪರಿಶೀಲನೆಗೆ 48 ಗಂಟೆ.

24 ಗಂಟೆ ಎನ್ನುವುದು ಕನಿಷ್ಠ ಮಿತಿ. ನಿಮ್ಮ ವಿಷಯದಲ್ಲಿ ಐದು ದಿನ ಮೊದಲು ಕೊಡಿ ಎನ್ನುತ್ತೇನೆ. ರಾತ್ರಿ ಪಾಳಿಯವರಿಗೆ ನಿದ್ದೆಯ ಹೊತ್ತು ಹೊಂದಿಸಿಕೊಳ್ಳಬೇಕು, ಒಂಟಿಯಾಗಿರುವವರಿಗೆ ಬೇಕಿದ್ದರೆ ಆ ಹೊತ್ತಿಗೆ ಜೊತೆಗೊಬ್ಬರನ್ನು ಕರೆಸಿಕೊಳ್ಳುವ ಅವಕಾಶ ಇರಬೇಕು. ಬಾತ್‌ರೂಮ್ ಒಬ್ಬರ ಮನೆಯ ಅತ್ಯಂತ ಖಾಸಗಿ ಜಾಗ. ಅಲ್ಲಿನ ಸಾಮಾನು ಎತ್ತಿಡಲು, ಒಣಹಾಕಿದ ಬಟ್ಟೆ ತೆಗೆಯಲು ಸಮಯ ಸಿಕ್ಕರೆ ಅವರಿಗೂ ಮುಜುಗರವಿಲ್ಲ, ನಿಮಗೂ ಇಲ್ಲ.

ಇನ್ನು ನೋಟಿಸ್‌ನ ಜೀವ ಇರುವುದು ಕಾರಣದಲ್ಲಿ. "ಮನೆ ಪರಿಶೀಲನೆಗಾಗಿ" ಎಂದಷ್ಟೇ ಬರೆದರೆ ಓದಿದವರ ಮನಸ್ಸಿನಲ್ಲಿ ಹತ್ತು ಪ್ರಶ್ನೆ ಏಳುತ್ತವೆ. ಬಾಡಿಗೆ ಏರಿಸುತ್ತಾರಾ? ಖಾಲಿ ಮಾಡಿಸುತ್ತಾರಾ? ಬೀರು ತೆಗೆದು ನೋಡುತ್ತಾರಾ? ಕಾರಣ ಖಚಿತವಾದಷ್ಟೂ ನೀವು ನೋಡಬೇಕಾದ ಜಾಗ ಚಿಕ್ಕದಾಗುತ್ತದೆ, ಅವರ ಒಪ್ಪಿಗೆಯೂ ಸುಲಭವಾಗುತ್ತದೆ. ಕಾರಣವನ್ನು ಖಚಿತ ಮಾಡಿಕೊಳ್ಳುವ ಕೆಲಸ ಮೇಲಿನ ಮನೆಗೆ ಕಾಲಿಡುವ ಮೊದಲೇ ಆಗಬೇಕು, ಆಗುತ್ತದೆ ಕೂಡ.

ಕೆಳಗಿನ ಮನೆಯವರೇ ದೂರು ಹೇಳಿರುವುದರಿಂದ ಅಲ್ಲಿಂದ ಶುರು ಮಾಡಿ. ಅವರಿಗೆ ಅನುಕೂಲವಾದ ಹೊತ್ತು ಕೇಳಿಕೊಂಡು ಹೋಗಿ, ಕಲೆಯ ಅಂಚಿನ ಗುಂಟ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮೂರ್ನಾಲ್ಕು ದಿನ ಬಿಟ್ಟು ಅವರೇ ಫೋಟೊ ತೆಗೆದು ಕಳಿಸಿದರೆ ಸಾಕು, ಗೆರೆ ದಾಟಿದೆಯೋ ಇಲ್ಲವೋ ತಿಳಿಯುತ್ತದೆ. ಹಾಗೆಯೇ ಮೇಲಿನ ಮನೆಯವರಿಗೆ ಒಂದು ಸಂದೇಶ ಕಳಿಸಿ ಎರಡು ಪ್ರಶ್ನೆ ಕೇಳಿ. ನೀವು ಸಾಮಾನ್ಯವಾಗಿ ಸ್ನಾನ ಮಾಡುವುದು ಯಾವ ಹೊತ್ತಿಗೆ ಎಂದು ಕೇಳಬೇಡಿ, ಅದು ಅವರ ಖಾಸಗಿ ವಿಷಯ. ನಲ್ಲಿ, ಫ್ಲಶ್ ಟ್ಯಾಂಕ್, ಗೀಸರ್ ಪೈಪ್ ಎಲ್ಲಾದರೂ ನೀರು ಜಿನುಗುತ್ತಿದೆಯೇ, ನೆಲದ ಜಾಲರಿಯಲ್ಲಿ ನೀರು ನಿಧಾನವಾಗಿ ಇಳಿಯುತ್ತಿದೆಯೇ ಎಂದು ಕೇಳಿ.

ಉತ್ತರಗಳಿಂದ ಅರ್ಧ ರೋಗ ಪತ್ತೆಯಾಗುತ್ತದೆ. ಕಲೆ ಹಗಲು ರಾತ್ರಿ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಆಗ ಆ ಮನೆಗೆ ಹೋಗುವ ವಾಲ್ವ್ ಹೊರಗಡೆ ಇದ್ದರೆ, ಅವರಿಗೆ ತಿಳಿಸಿ ಒಪ್ಪಿಗೆ ಪಡೆದು ಕೆಲವು ಗಂಟೆ ಮುಚ್ಚಿ ನೋಡಬಹುದು. ಹನಿ ನಿಂತರೆ ತೊಂದರೆ ಪೈಪಿನಲ್ಲೇ. ಮೇಲಿನ ಬಾತ್‌ರೂಮ್ ಬಳಸಿದಾಗ ಮಾತ್ರ ಹನಿದು ಆಮೇಲೆ ನಿಲ್ಲುತ್ತಿದ್ದರೆ ಕೊಳಚೆ ಪೈಪಿನ ಅಥವಾ ನೆಲದ ಜಾಲರಿಯ ಸುತ್ತಲಿನ ಜೋಡಣೆ ಸಡಿಲವಾಗಿರುತ್ತದೆ. ಹನಿಯೇ ಇಲ್ಲದೆ ತೇವ ಮಾತ್ರ ನಿಧಾನಕ್ಕೆ ಹರಡಿ, ಮೇಲಿನ ಮನೆ ಕೆಲವು ದಿನ ಖಾಲಿ ಇದ್ದಾಗ ಒಣಗುತ್ತಿದ್ದರೆ ಟೈಲ್ಸ್ ನಡುವಿನ ಗ್ರೌಟ್ ಅಥವಾ ಅದರ ಅಡಿಯ ವಾಟರ್‌ಪ್ರೂಫಿಂಗ್ ಹೋಗಿದೆ ಎಂದು ಊಹಿಸಬಹುದು. ಕಲೆ ಲೈಟಿನ ಹೋಲ್ಡರ್ ಅಥವಾ ವೈರಿನ ಹತ್ತಿರ ಬಂದಿದ್ದರೆ ಮಾತ್ರ ಕಾಯಬೇಡಿ. ಆ ಲೈನಿನ ಸ್ವಿಚ್ ಅನ್ನು ಡಿಬಿ ಬಾಕ್ಸಿನಲ್ಲೇ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್‌ನನ್ನು ಅದೇ ದಿನ ಕರೆಸಿ.

ಇಷ್ಟಾದ ಮೇಲೆ ನೋಟಿಸ್ ಬರೆಯಿರಿ. ಮೇಲಿನ ಬಾತ್‌ರೂಮ್ ಬಳಸಿದಾಗ ಮಾತ್ರ ನೀರು ಹನಿಯುತ್ತಿದೆ ಎಂದುಕೊಳ್ಳೋಣ. ಸೋಮವಾರ ಕಳಿಸುವ ನೋಟಿಸ್ ಹೀಗಿರಬಹುದು:

"ನಮಸ್ಕಾರ. ನಿಮ್ಮ ಬಾತ್‌ರೂಮ್‌ನ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ನೀರು ಹನಿಯುತ್ತಿದೆ. ಕೊಳಚೆ ಪೈಪಿನ ಜೋಡಣೆಯಲ್ಲಿ ಸೋರಿಕೆ ಇರಬಹುದೆಂದು ಅನುಮಾನ. ಇದು ನಿಮ್ಮ ತಪ್ಪಿನಿಂದ ಆಗಿದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ನೋಡಲು ಜೂನ್ 14, ಶನಿವಾರ ಸಂಜೆ 4ರಿಂದ 5 ಗಂಟೆಯೊಳಗೆ ನಾನು ಮತ್ತು ಒಬ್ಬ ಪ್ಲಂಬರ್ ಬರಲು ಬಯಸಿದ್ದೇವೆ. ಬಾತ್‌ರೂಮ್ ಮತ್ತು ಅಲ್ಲಿಗೆ ಹೋಗುವ ದಾರಿ ಬಿಟ್ಟು ಬೇರೆ ಕೋಣೆಗೆ ಬರುವುದಿಲ್ಲ. ನೆಲದ ಜಾಲರಿ, ಕಮೋಡ್‌ನ ಬುಡ, ವಾಶ್‌ಬೇಸಿನ್‌ನ ಕೆಳಗಿನ ಪೈಪ್ ನೋಡುತ್ತೇವೆ. ಬಣ್ಣದ ನೀರು ಬಿಟ್ಟು ಪರೀಕ್ಷಿಸುತ್ತೇವೆ, ಆ ಒಂದು ಗಂಟೆ ಬಾತ್‌ರೂಮ್ ಬಳಸಲಾಗುವುದಿಲ್ಲ. ಸೋರುವ ಜಾಗದ ಫೋಟೊ ಮಾತ್ರ, ನಿಮಗೆ ತೋರಿಸಿ ತೆಗೆಯುತ್ತೇವೆ. ಈ ವೇಳೆ ಆಗದಿದ್ದರೆ ಜೂನ್ 15, ಭಾನುವಾರ ಸಂಜೆ 4 ಅಥವಾ ಜೂನ್ 17, ಮಂಗಳವಾರ ಸಂಜೆ 4 ಆಗುತ್ತದೆಯೇ? ನಿಮಗೆ ಅನುಕೂಲವಾದ ಬೇರೆ ವೇಳೆಯಿದ್ದರೆ ಹೇಳಿ. ನೀವಾಗಲಿ, ನೀವು ಹೇಳಿದವರಾಗಲಿ ಮನೆಯಲ್ಲಿದ್ದಾಗ ಮಾತ್ರ ಬರುತ್ತೇವೆ. ಗುರುವಾರದೊಳಗೆ ತಿಳಿಸಿದರೆ ಪ್ಲಂಬರ್‌ಗೆ ಹೇಳಲು ಅನುಕೂಲ."

"ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ" ಎಂಬ ಸಾಲನ್ನು ಕೈಬಿಡಬೇಡಿ. ದುರಸ್ತಿಯ ಖರ್ಚು ತಮ್ಮ ತಲೆಗೆ ಬರುತ್ತದೆ ಎಂಬ ಭಯದಿಂದಲೇ ಎಷ್ಟೋ ಮಂದಿ ಬಾಗಿಲು ತೆಗೆಯಲು ಹಿಂಜರಿಯುತ್ತಾರೆ. ವೇಳೆಯನ್ನು ಒಂದು ಗಂಟೆಯ ಅವಧಿಯಾಗಿ ಕೊಟ್ಟಿರುವುದಕ್ಕೂ ಕಾರಣವಿದೆ. "ಶನಿವಾರ ಬರುತ್ತೇವೆ" ಎಂದರೆ ಅವರ ಇಡೀ ಶನಿವಾರ ಹೋಯಿತು. ರಾತ್ರಿ ಪಾಳಿಯವರಿಗೆ ಬೆಳಗಿನ 10 ಗಂಟೆ ಎಂದರೆ ನಡುರಾತ್ರಿ ಇದ್ದ ಹಾಗೆ, ಅದಕ್ಕೇ ಸಂಜೆ 4. ಕಾನೂನಿನ ದೃಷ್ಟಿಯಲ್ಲಿ ಬೆಳಗಿನ 10 ಹಗಲು ಹೊತ್ತೇ ಇರಬಹುದು, ಆದರೆ ಯುಕ್ತ ವೇಳೆಯೆಂಬುದನ್ನು ಆ ಮನೆಯಲ್ಲಿರುವವರ ದಿನಚರಿ ನೋಡಿ ತೀರ್ಮಾನಿಸುವುದೇ ಸರಿ.

ಬಣ್ಣದ ನೀರಿನ ಪರೀಕ್ಷೆಯಲ್ಲಿ ಅವಸರ ಮಾಡಿದರೆ ಮತ್ತೆ ಇನ್ನೊಂದು ಭೇಟಿ ಬೇಕಾಗುತ್ತದೆ. ಮೊದಲು ವಾಶ್‌ಬೇಸಿನ್‌ಗೆ ಒಂದು ಬಣ್ಣದ ನೀರು, 20-30 ನಿಮಿಷ ಕಾದು ಕೆಳಗೆ ನೋಡಿ, ಆಮೇಲೆ ನೆಲದ ಜಾಲರಿಗೆ ಇನ್ನೊಂದು ಬಣ್ಣ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಕೆಳಗೆ ಬಣ್ಣ ಬಂದರೂ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಸೋರಿಕೆ ಸಣ್ಣದಿದ್ದರೆ ಒಂದು ಗಂಟೆಯಲ್ಲಿ ಬಣ್ಣ ಕಾಣದೆಯೂ ಇರಬಹುದು, ಆಗ ಕೆಳಗಿನ ಮನೆಯವರೇ ಮರುದಿನ ನೋಡಿ ಹೇಳಲಿ.

ಗ್ರೌಟ್ ಅಥವಾ ವಾಟರ್‌ಪ್ರೂಫಿಂಗ್ ಮೇಲೆ ಅನುಮಾನವಿದ್ದರೆ ವಿಷಯವೇ ಬೇರೆ. ಅದಕ್ಕೆ ಜಾಲರಿ ಮುಚ್ಚಿ ನೆಲದ ಮೇಲೆ ಸುಮಾರು 25 ಮಿಲಿಮೀಟರ್ ನೀರು ನಿಲ್ಲಿಸಿ 24 ಗಂಟೆ ಬಿಡುವ ಪರೀಕ್ಷೆ ಬೇಕಾಗುತ್ತದೆ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ ಮರುದಿನ ನೋಡಬೇಕು. ಸ್ವಲ್ಪ ನೀರು ಆವಿಯಾಗಿಯೂ ಇಳಿಯುತ್ತದೆ, ಆದ್ದರಿಂದ ಕೆಳಗಿನ ಕಲೆಯನ್ನೂ ಸೇರಿಸಿ ನೋಡಿಯೇ ತೀರ್ಮಾನಿಸಬೇಕು. ಆ ಇಡೀ ದಿನ ಬಾತ್‌ರೂಮ್ ಇಲ್ಲ. ಇದನ್ನು "ಪರಿಶೀಲನೆ" ಎಂಬ ಒಂದು ಪದದಲ್ಲಿ ಅಡಗಿಸಿ, ಬಂದ ಮೇಲೆ ಹೇಳಿದರೆ ಜಗಳ ಖಂಡಿತ. ಮನೆಯಲ್ಲಿರುವುದು ಒಂದೇ ಬಾತ್‌ರೂಮ್ ಆದರೆ ಅವರು ಊರಿಗೆ ಹೋಗುವ ದಿನ ನೋಡಿಕೊಂಡು, ಅವರೇ ಒಪ್ಪಿ ಬರೆದುಕೊಟ್ಟರೆ ಮಾತ್ರ ಮಾಡಿ. ಮೊದಲ ಭೇಟಿಯ ನೋಟಿಸ್‌ಗೆ ಈ ಪರೀಕ್ಷೆಯನ್ನು ಸೇರಿಸಬೇಡಿ.

ನೋಟಿಸ್ ಕಳಿಸುವ ಬಗೆ. ವಾಟ್ಸ್‌ಆ್ಯಪ್ ಸಾಕಾಗುತ್ತದೆ, ಕರಾರಿನಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅಥವಾ ಇಮೇಲ್ ಎಂದಿದ್ದರೆ ಅದನ್ನೂ ಮಾಡಿ. ನೀಲಿ ಗುರುತು ಬಂದರೆ ಓದಿದ್ದಾರೆ ಎಂದರ್ಥ, ಒಪ್ಪಿದ್ದಾರೆ ಎಂದಲ್ಲ. ಎರಡು ದಿನ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಿ, ಮಾತಾಡಿದ್ದನ್ನು ಎರಡು ಸಾಲಿನಲ್ಲಿ ಮತ್ತೆ ಬರೆದು ಕಳಿಸಿ. ಎರಡು ಕಡೆ ಮಾತ್ರ ನೋಟಿಸ್ ಹಾಕಲೇಬೇಡಿ: ಕಟ್ಟಡದ ಗ್ರೂಪಿನಲ್ಲಿ, ಮತ್ತು ಅವರ ಬಾಗಿಲ ಮೇಲೆ. ಒಂಟಿಯಾಗಿರುವ ಹೆಣ್ಣುಮಗಳು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ, ಯಾವ ಹೊತ್ತಿಗೆ ಇರುವುದಿಲ್ಲ ಎಂಬುದನ್ನು ದಾರಿಹೋಕರಿಗೂ ತಿಳಿಸಿದಂತಾಗುತ್ತದೆ. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಹೋಗುವ ದಿನ ಬೆಲ್ ಮಾಡಿ, ಬಾಗಿಲು ತೆರೆಯುವ ತನಕ ಹೊರಗೆ ನಿಲ್ಲಿ. ನೋಟಿಸ್‌ನಲ್ಲಿ ಇಬ್ಬರು ಎಂದಿದ್ದರೆ ಮೂರನೆಯವರನ್ನು ಕರೆದೊಯ್ಯಬೇಡಿ, ಪ್ಲಂಬರ್ ಜೊತೆಗೆ ಬಂದ ಹುಡುಗನಾದರೂ ಸರಿ. ಪ್ಲಂಬರ್‌ನನ್ನು ಒಳಗೆ ಬಿಟ್ಟು ನೀವು ಹೊರಡಬೇಡಿ. ಫೋಟೊ ತೆಗೆಯುವಾಗ ಬಾತ್‌ರೂಮ್‌ನ ಕನ್ನಡಿಯನ್ನು ಮರೆಯುತ್ತೇವೆ. ಪೈಪಿನ ಫೋಟೊ ಎಂದು ತೆಗೆದದ್ದರಲ್ಲಿ ಕನ್ನಡಿಯೊಳಗೆ ಅವರ ಮಲಗುವ ಕೋಣೆ, ಬಟ್ಟೆ, ಔಷಧಿಯ ಡಬ್ಬಿ ಎಲ್ಲ ಬಂದಿರುತ್ತದೆ. ಹತ್ತಿರದಿಂದ, ಕ್ಯಾಮೆರಾ ಕೆಳಗೆ ಮಾಡಿ ತೆಗೆಯಿರಿ, ಅಲ್ಲೇ ಅವರಿಗೆ ತೋರಿಸಿ, ಬೇಡವೆಂದದ್ದನ್ನು ಅಳಿಸಿ, ಉಳಿದದ್ದರ ಪ್ರತಿ ಅವರಿಗೂ ಕಳಿಸಿ. ಬಾಗಿಲು ತೆರೆದಿದ್ದ ಅಡುಗೆಮನೆಯಲ್ಲಿ ಏನೋ ಕಂಡಿತೆಂದು ಅಲ್ಲೇ ಮಾತು ತೆಗೆಯಬೇಡಿ. ಅದು ನಿಜವಾಗಿಯೂ ಕೇಳಬೇಕಾದ ವಿಷಯವಾದರೆ ಬೇರೆಯಾಗಿ ಬರೆದು ಕೇಳಿ. ಸೋರಿಕೆಯ ಹೆಸರಿನಲ್ಲಿ ಒಳಗೆ ಹೋಗಿ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿದರೆ, ಮುಂದಿನ ಸಲ ನಿಜವಾದ ಸೋರಿಕೆಗೂ ಬಾಗಿಲು ತೆರೆಯುವುದಿಲ್ಲ.

ಅವರು ಬೇಡ ಅಂದರೆ, ಮೊದಲು ಬೇಡವೆನ್ನುತ್ತಿರುವುದು ಯಾವುದನ್ನು ಎಂದು ಕೇಳಿ. ಹೆಚ್ಚಿನವರು ಬೇಡವೆನ್ನುವುದು ದಿನವನ್ನು, ಅಪರಿಚಿತ ಪ್ಲಂಬರ್‌ನನ್ನು, ಇಲ್ಲವೇ ಫೋಟೊವನ್ನು. ಈ ಮೂರಕ್ಕೂ ದಾರಿಯಿದೆ. ದಿನ ಬದಲಿಸಬಹುದು, ಅವರ ಗೆಳತಿಯೋ ಮನೆಯವರೋ ಇರುವಾಗ ಹೋಗಬಹುದು, ಫೋಟೊ ಅವರೇ ತೆಗೆದು ಕೊಡಬಹುದು. ಹೋದ ವರ್ಷದ ಬೇಸರ ಇನ್ನೂ ಇದ್ದರೆ "ಅಂದು ಹೇಳದೆ ಬಂದದ್ದು ಸರಿಯಿರಲಿಲ್ಲ, ಇನ್ನು ಹಾಗೆ ಬರುವುದಿಲ್ಲ" ಎಂದು ನೇರವಾಗಿ ಬರೆಯಿರಿ. ಯಾವ ವೇಳೆಗೂ ಒಪ್ಪದಿದ್ದರೆ, ಸೋರಿಕೆ ಕೆಳಗಿನ ಮನೆಗೆ ಮಾಡುತ್ತಿರುವ ಹಾನಿಯನ್ನು ಫೋಟೊ ಸಮೇತ ವಿವರಿಸಿ, ಕರಾರಿನ ಷರತ್ತನ್ನೂ 108ನೇ ಕಲಮನ್ನೂ ಉಲ್ಲೇಖಿಸಿ ಎರಡನೇ ನೋಟಿಸ್ ಕೊಡಿ. ಅದಕ್ಕೂ ಜಗ್ಗದಿದ್ದರೆ ವಕೀಲರ ಮೂಲಕ ಮುಂದುವರಿಯಬೇಕು, ಅದು ನಿಧಾನದ ದಾರಿ. ಬೀಗ ಒಡೆಯುವುದು, ಎರಡನೇ ಕೀ ಬಳಸುವುದು, ನೀರು ಕರೆಂಟು ನಿಲ್ಲಿಸುವುದು ಮಾತ್ರ ಬೇಡ. ಅಗತ್ಯ ಸೌಕರ್ಯ ತಡೆಯುವುದನ್ನು ಮಾದರಿ ಕಾಯಿದೆಯ 20ನೇ ಕಲಮು ನಿಷೇಧಿಸುತ್ತದೆ, ಮತ್ತು ಅಲ್ಲಿಯವರೆಗೆ ನಿಮ್ಮ ಕಡೆ ಇದ್ದ ನ್ಯಾಯ ಆ ಕ್ಷಣಕ್ಕೆ ಅವರ ಕಡೆ ಹೋಗುತ್ತದೆ.

ನೋಟಿಸ್ ಇಲ್ಲದೆ ಹೋಗಬಹುದಾದ ಸಂದರ್ಭವೂ ಇದೆ. ಮಾದರಿ ಕಾಯಿದೆ ಬೆಂಕಿ, ಪ್ರವಾಹ, ಚಂಡಮಾರುತ, ಭೂಕಂಪದಂಥ ತುರ್ತನ್ನು ಹೆಸರಿಸುತ್ತದೆ. ವಾರಗಟ್ಟಲೆ ಹರಡುತ್ತಿರುವ ಕಲೆ ತುರ್ತಲ್ಲ. ಮೇಲಿನ ಮನೆಯಲ್ಲಿ ಪೈಪ್ ಒಡೆದು ಕೆಳಗೆ ನೀರು ಸುರಿಯುತ್ತಿದ್ದರೂ ಮೊದಲು ಹೊರಗಿನ ವಾಲ್ವ್ ಮುಚ್ಚಿ, ಫೋನ್ ಮಾಡಿ. ನೀರು ನಿಂತರೆ ಒಳಗೆ ಹೋಗುವ ಅಗತ್ಯವೇ ಇರುವುದಿಲ್ಲ. ಒಳಗೆ ಹೋಗದೆ ಬೇರೆ ದಾರಿಯೇ ಇಲ್ಲದಿದ್ದರೆ ನೆರೆಯವರೊಬ್ಬರನ್ನು ಸಾಕ್ಷಿಗೆ ಕರೆದುಕೊಂಡು, ಬಾಗಿಲು ತೆರೆಯುವುದರಿಂದ ಮುಚ್ಚುವ ತನಕ ವಿಡಿಯೊ ಮಾಡಿ, ನೀರು ನಿಲ್ಲಿಸುವಷ್ಟೇ ಕೆಲಸ ಮಾಡಿ ಹೊರಬನ್ನಿ. ಎಷ್ಟು ಹೊತ್ತಿಗೆ, ಯಾರು, ಯಾಕೆ ಹೋದಿರಿ, ಏನು ಮುಟ್ಟಿದಿರಿ ಎಂಬುದನ್ನು ಅದೇ ಗಳಿಗೆ ಬರೆದು ಕಳಿಸಿ, ಆ ವಿಡಿಯೊ ಜೊತೆಗೆ.

ಪರಿಶೀಲನೆ ಮುಗಿದ ಮೇಲೆ ಕಂಡದ್ದನ್ನು ಎರಡು ದಿನದೊಳಗೆ ಬರೆದು ತಿಳಿಸಿ. ಇದು ಮೊದಲ ನೋಟಿಸ್‌ಗಿಂತ ಬೇರೆ. ಹಳೆಯ ಪೈಪು, ಸವೆದ ಗ್ರೌಟ್ ಕಾರಣವಾದರೆ ದುರಸ್ತಿ ನಿಮ್ಮದು ಎಂದು ಸ್ಪಷ್ಟವಾಗಿ ಬರೆಯಿರಿ. ದೋಷ ಬಾಡಿಗೆದಾರರಿಂದಲೇ ಆಗಿದೆ ಎಂದು ಆಧಾರವಿದ್ದರೆ, 108ನೇ ಕಲಮಿನ ಪ್ರಕಾರ ನೋಟಿಸ್ ಸಿಕ್ಕ ಮೂರು ತಿಂಗಳೊಳಗೆ ಅವರು ಸರಿಪಡಿಸಬೇಕು. ಆದರೆ ಸ್ಲ್ಯಾಬಿನೊಳಗಿನ ಜೋಡಣೆಯ ದೋಷಕ್ಕೆ ಅಲ್ಲಿ ವಾಸವಿರುವವರು ಕಾರಣವಾಗುವುದು ಅಪರೂಪ, ಹಾಗಾಗಿ ಪ್ಲಂಬರ್ ಹೇಳಿದ ಕೂಡಲೇ ಅವರ ಮೇಲೆ ಹೊರಿಸಬೇಡಿ. ದುರಸ್ತಿಗೆ ಬರುವ ದಿನಕ್ಕೂ ಹೊಸ ನೋಟಿಸ್ ಬೇಕು. ಎಷ್ಟು ದಿನದ ಕೆಲಸ, ಟೈಲ್ಸ್ ಒಡೆಯುತ್ತೀರಾ, ಬಾತ್‌ರೂಮ್ ಎಷ್ಟು ದಿನ ಇರುವುದಿಲ್ಲ, ಅಷ್ಟು ದಿನ ಅವರಿಗೆ ಏನು ವ್ಯವಸ್ಥೆ ಎಂಬುದು ಅದರಲ್ಲಿ ಇರಲಿ. ಪಕ್ಕದ ಮೇಲಿನ ಮನೆ ಖಾಲಿಯಿದ್ದರೆ ಅದರ ಬಾತ್‌ರೂಮ್ ಬಳಸಲು ಕೊಡಬಹುದು, ಇಲ್ಲದಿದ್ದರೆ ಆ ದಿನಗಳ ಬಾಡಿಗೆ ಬಿಟ್ಟುಕೊಡುವ ಬಗ್ಗೆ ನೋಟಿಸ್ ಕಳಿಸುವ ಮೊದಲೇ ಅವರೊಂದಿಗೆ ಮಾತಾಡಿ.